ಒಂಬತ್ತು ಇಂಚಿನ ಗೋಡೆಗೆ ಇಟ್ಟಂಗಿ, ಸಿಮೆಂಟ್, ಉಸುಕು ಎಷ್ಟು ಹಿಡಿಯುತ್ತೆ? ಕಟ್ಟಿಸಿದವರು ಹೇಳಿ

ಕೇಳಿದವರು (ಧಾರವಾಡ): ಹಿತ್ತಲಲ್ಲಿ ಎರಡು ಕೋಣೆ ಹಾಕಿಸ್ತಾ ಇದ್ದೇವೆ. ಹೊರಗಿನ ಗೋಡೆ ಒಂಬತ್ತು ಇಂಚು. ಗುತ್ತಿಗೆದಾರರದು ಒಂದು ಲೆಕ್ಕ, ಗೌಂಡಿಯದು ಇನ್ನೊಂದು. ಮಾಲು ನಾವೇ ತರಿಸಬೇಕು. ನಿಮಗೆ ಎಷ್ಟು ಹಿಡಿಯಿತು?

ಹುಬ್ಬಳ್ಳಿ, ನವನಗರ: ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ ಸರ್. ಚದರಡಿಗೆ ಹತ್ತು ಇಟ್ಟಂಗಿ. ಸಾವಿರ ಇಟ್ಟಂಗಿಗೆ ಎರಡೂವರೆ ಚೀಲ ಸಿಮೆಂಟ್. ನಾನು ಇಡೀ ಮನೆಯನ್ನು ಇದೇ ಲೆಕ್ಕದಲ್ಲಿ ಕಟ್ಟಿಸಿದೆ. ಕೊನೆಗೆ ಉಳಿದದ್ದರಲ್ಲಿ ತುಳಸಿ ಕಟ್ಟೆ ಆಯಿತು, ಅಷ್ಟೇ. ಗುತ್ತಿಗೆದಾರ ಚದರಡಿಗೆ ಹನ್ನೆರಡು ಅಂದಿದ್ದ, ನಾನು ಒಪ್ಪಲಿಲ್ಲ. ಒಪ್ಪಿದ್ದರೆ ಸುಮ್ನೆ ಮೂವತ್ತು ಸಾವಿರ ಹೆಚ್ಚು ಹೋಗ್ತಿತ್ತು.

ಗದಗ, ನಿವೃತ್ತ ಓವರ್‌ಸಿಯರ್: ನವನಗರದವರ ಹತ್ತು ಸರಿ, ಆದರೆ ಅದು ಅವರ ಇಟ್ಟಂಗಿಗೆ ಮಾತ್ರ. ಅವರು ತರಿಸಿದ್ದು ಪೂರ್ತಿ ಒಂಬತ್ತು ಇಂಚು ಉದ್ದದ್ದು ಇರಬೇಕು. ನಮ್ಮ ಕಡೆ ಭಟ್ಟಿಯಲ್ಲಿ ಸಿಗೋದು ಹೆಚ್ಚಾಗಿ ಎಂಟು ಇಂಚಿನ ಆಸುಪಾಸು. ಹೆಸರಿಗೆ ಒಂಬತ್ತು ಇಂಚಿನ ಗೋಡೆ, ಕಟ್ಟಿದ ಮೇಲೆ ಟೇಪ್ ಹಿಡಿದರೆ ಎಂಟೂವರೆ.

ನನ್ನ ಹಿಂಬದಿ ಗೋಡೆಯ ಲೆಕ್ಕವನ್ನೇ ಹೇಳ್ತೇನೆ. ಉದ್ದ 30 ಅಡಿ, ಎತ್ತರ 10 ಅಡಿ. ಒಂದು ಬಾಗಿಲು, ಎರಡು ಕಿಟಕಿ, ಮೇಲೆ ಅರ್ಧ ಅಡಿ ಲಿಂಟಲ್ ಪಟ್ಟಿ ಕಳೆದರೆ 232 ಚದರಡಿ ಉಳಿಯಿತು. ಇಟ್ಟಂಗಿಯ ರಾಶಿಯಿಂದ ಹತ್ತು ತೆಗೆದು ಒಂದರ ಪಕ್ಕ ಒಂದು ಉದ್ದಕ್ಕೆ ಸಾಲಾಗಿ ಇಟ್ಟು ಅಳೆದೆ. ಒಂದೇ ಇಟ್ಟಂಗಿ ಅಳೆದರೆ ಮೋಸ ಹೋಗ್ತೀರಿ, ಏಕೆಂದರೆ ಸುಡುವಾಗ ಎಲ್ಲವೂ ಒಂದೇ ಸಮ ಕುಗ್ಗುವುದಿಲ್ಲ. ಸರಾಸರಿ ಬಂದದ್ದು 8 ಇಂಚು ಉದ್ದ, 4 ಅಗಲ, 2.5 ದಪ್ಪ. ಭಟ್ಟಿ ಇಟ್ಟಂಗಿ ಸೊಟ್ಟ ಇರ್ತವೆ, ಸಂದಿಗೆ ಅರ್ಧ ಇಂಚು ಹಿಡಿಯಲೇಬೇಕು. ಹಾಗಾಗಿ ಗೋಡೆಯ ಮುಖದಲ್ಲಿ ಒಂದು ಇಟ್ಟಂಗಿ ಎಂಟೂವರೆಗೆ ಮೂರು ಇಂಚು ಜಾಗ ತಿನ್ನುತ್ತೆ. ಗೋಡೆ ಎರಡು ಇಟ್ಟಂಗಿ ದಪ್ಪ, ಆದ್ದರಿಂದ ಎರಡರಿಂದ ಗುಣಿಸಿ. ಚದರಡಿಗೆ 11.3 ಆಯಿತು, ಹತ್ತಲ್ಲ. ಒಟ್ಟು 2,622. ಒಡೆದದ್ದು, ಮೂಲೆಗೆ ಕಡಿದದ್ದು ಸೇರಿ 2,780 ತರಿಸಿದೆ, ಸರಿ ಹೋಯಿತು.

ಪೂರ್ತಿ ಒಂಬತ್ತು ಇಂಚಿನದು ತಂದಿದ್ದರೆ ಸುಮಾರು 2,390 ಸಾಕಾಗ್ತಿತ್ತು. ಸಣ್ಣದು ಏಳೂವರೆ ರೂಪಾಯಿ, ದೊಡ್ಡದು ಒಂಬತ್ತು ಅಂತ ಭಟ್ಟಿಯವರು ಹೇಳಿದ್ದರು. ಏಳುನೂರು ರೂಪಾಯಿಯ ಫರಕು ಕೂಡ ಬರಲಿಲ್ಲ. ಸಣ್ಣ ಇಟ್ಟಂಗಿಗೆ ಸಂದಿ ಜಾಸ್ತಿ, ಅದಕ್ಕೆ ಒಂದೂವರೆ ಚೀಲ ಸಿಮೆಂಟ್ ಹೆಚ್ಚು ಹೋಗುತ್ತೆ. ಅಗ್ಗ ಅಂತ ಸಣ್ಣದು ತಂದರೆ ಲಾಭ ಏನೂ ಉಳಿಯಲ್ಲ.

ಒಂದು ಪಾಲು ಸಿಮೆಂಟಿಗೆ ಆರು ಪಾಲು ಉಸುಕಿನ ಲೆಕ್ಕದಲ್ಲಿ ಸಿಮೆಂಟ್ ಏಳು ಚೀಲ, ಉಸುಕು ಅರ್ಧ ಬ್ರಾಸ್, ಅಂದರೆ ಐವತ್ತು ಘನ ಅಡಿ. ಕೆಳಗೆ ಬೀಳುವುದು, ಇಟ್ಟಂಗಿಯ ತಗ್ಗಿಗೆ ತುಂಬುವುದು ಸೇರಿ ಎಂಟು ಚೀಲ ಇಟ್ಟುಕೊಳ್ಳಿ. ಇದು ಬರೀ ಕಟ್ಟುವುದಕ್ಕೆ, ಗಿಲಾವು ಬೇರೆ.

ಹಾವೇರಿ, ಗೃಹಿಣಿ: ಸರ್, ನಿಮ್ಮ ಅರ್ಧ ಬ್ರಾಸ್ ಕಾಗದದ ಮೇಲೆ ಚೆಂದ. ನಮಗೆ ಸಾಕಾಗಲಿಲ್ಲ. ಮಳೆಗಾಲ ಮುಗಿಯುತ್ತಿದ್ದಂತೆ ಒದ್ದೆ ಉಸುಕು ಬಂತು. ಟ್ರ್ಯಾಲಿ ತುಂಬಿಯೇ ಇತ್ತು, ನನ್ನ ಕಣ್ಣೆದುರೇ ಅಳೆದು ಇಳಿಸಿದರು. ಗೋಡೆ ಪೂರ್ತಿ ಏಳುವ ಮೊದಲೇ ಉಸುಕೂ ಮುಗಿಯಿತು, ಸಿಮೆಂಟೂ ಮುಗಿಯಿತು. ಗೌಂಡಿ ಚೀಲ ಮಾರಿಕೊಂಡ ಅಂತ ಮನೆಯವರಿಗೆ ಸಂಶಯ. ದೊಡ್ಡ ಜಗಳ ಆಯಿತು.

ಆಮೇಲೆ ನಮ್ಮ ಮೈದುನ ಒಂದು ಗಾಜಿನ ಡಬ್ಬಿಯಲ್ಲಿ ಹತ್ತು ಇಂಚು ಉಸುಕು ತುಂಬಿ, ಮುಳುಗುವವರೆಗೆ ನೀರು ಸುರಿದು ಕಡ್ಡಿಯಿಂದ ಕದಡಿದ. ಉಸುಕು ಎಂಟು ಇಂಚಿಗೆ ಇಳಿದು ನಿಂತಿತು. ಅಂದರೆ ಹತ್ತು ಬುಟ್ಟಿ ಒದ್ದೆ ಉಸುಕಿನಲ್ಲಿ ನಿಜವಾದ ಉಸುಕು ಎಂಟೇ ಬುಟ್ಟಿ. ತೇವ ಇದ್ದಾಗ ಅದು ಉಬ್ಬಿಕೊಂಡು ಕೂರುತ್ತೆ.

ಬುಟ್ಟಿಯಲ್ಲಿ ಅಳೆದು ಒಂದಕ್ಕೆ ಆರು ಅಂತ ಹಾಕಿದರೆ ನಿಜಕ್ಕೂ ಬೀಳೋದು ಒಂದಕ್ಕೆ ಐದೂ ಇಲ್ಲ. ಕಲಸಿದ ಮಾಲು ಕಡಿಮೆ ಆಗುತ್ತೆ, ಸಿಮೆಂಟ್ ಹೆಚ್ಚು ಹೋಗುತ್ತೆ. ಎರಡೂ ಮುಗಿದದ್ದು ಅದಕ್ಕೇ. ಒದ್ದೆ ಉಸುಕಿದ್ದರೆ ಅರ್ಧ ಬ್ರಾಸ್ ಅಲ್ಲ, ಅರವತ್ತು ಘನ ಅಡಿಗೂ ಮೇಲೆ ತರಿಸಿ. ಗೌಂಡಿಗೆ ಏಳೂವರೆ ಬುಟ್ಟಿ ಹಾಕು ಅಂತ ಹೇಳಿ. ಇದನ್ನು ಮೊದಲೇ ಯಾರೂ ಹೇಳಲಿಲ್ಲ ಅಂತ ನನಗೆ ಇನ್ನೂ ಸಿಟ್ಟಿದೆ.

ಹುಬ್ಬಳ್ಳಿ, ನವನಗರ: ಅಕ್ಕಾರೇ, ಎಂ ಸ್ಯಾಂಡ್ ತರಿಸಿದ್ದರೆ ಈ ಗೋಳೇ ಇರ್ತಿರಲಿಲ್ಲ. ಹೊಳೆ ಉಸುಕಿನ ಆಸೆ ಬಿಡಿ.

ಹಾವೇರಿ, ಗೃಹಿಣಿ: ಎಂ ಸ್ಯಾಂಡ್ ಒದ್ದೆಯಾದರೆ ಉಬ್ಬಲ್ವಾ? ಅದೂ ಉಬ್ಬುತ್ತೆ. ಅದರಲ್ಲಿ ಪುಡಿ ಜಾಸ್ತಿ ಬಂದರೆ ನೀರು ಇನ್ನೂ ಹೆಚ್ಚು ಕುಡಿಯುತ್ತೆ. ನಮ್ಮ ಜಿಲ್ಲೆಯಲ್ಲೇ ತುಂಗಭದ್ರೆ ಹರಿಯುತ್ತಾಳೆ, ನಾವು ಆಸೆಪಟ್ಟರೆ ತಪ್ಪೇನು?

ರಾಣೆಬೆನ್ನೂರು: ನಾವು ಆರು ಇಂಚಿನ ಸಿಮೆಂಟ್ ಬ್ಲಾಕ್ ಹಾಕಿಸಿದೆವು. ಗೋಡೆ ಬೇಗ ಏಳುತ್ತೆ, ಸಿಮೆಂಟ್ ಉಳಿಯುತ್ತೆ. ಆದರೆ ಬೇಸಿಗೆಯಲ್ಲಿ ಒಳಗೆ ಕೂರೋಕೆ ಆಗಲ್ಲ. ಪಡಸಾಲೆಯ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಂದಿದೆ. ಬ್ಲಾಕ್ ಹಸಿ ಇದ್ದಾಗಲೇ ಕಟ್ಟಿದ್ದಕ್ಕೆ ಅಂತಾರೆ, ಪಾಯದ ಕೆಳಗೆ ಎರೆಮಣ್ಣು ಇದ್ದದ್ದಕ್ಕೆ ಅಂತಲೂ ಅಂತಾರೆ. ನೀವು ಬ್ಲಾಕ್ ಹಾಕಿಸೋದಾದರೆ ಒಂದು ತಿಂಗಳು ಒಣಗಿದ್ದನ್ನೇ ತನ್ನಿ.

ಹುಬ್ಬಳ್ಳಿ, ಗೌಂಡಿ ಕೆಲಸದವನು: ಕೇಳಿದ್ದು ಇಟ್ಟಂಗಿ ಗೋಡೆ, ಬ್ಲಾಕ್ ಯಾಕೆ ಬಂತು? ಗೌಂಡಿ ಚೀಲ ಮಾರಿಕೊಂಡ ಅಂತ ಬರೆದದ್ದು ಓದಿ ಬೇಜಾರಾಯಿತು. ಇಟ್ಟಂಗಿ ನೆನೆಸೋಕೆ ನೀರಿನ ವ್ಯವಸ್ಥೆ ಮಾಡಲ್ಲ, ಸಿಮೆಂಟ್ ಹಾಳಾಯಿತು ಅಂತ ನಮ್ಮ ಮೇಲೆ ಬರ್ತೀರಿ. ಒಣ ಇಟ್ಟಂಗಿ ಇಟ್ಟ ಕೂಡಲೇ ಮಾಲಿನ ನೀರನ್ನೆಲ್ಲ ಹೀರಿಬಿಡುತ್ತೆ. ಮರುದಿನ ಕೈಯಿಂದ ಅಲುಗಿಸಿದರೆ ಇಟ್ಟಂಗಿ ಎದ್ದು ಬರುತ್ತೆ, ಕೆಳಗಿನ ಮಾಲು ಪುಡಿಪುಡಿ. ಅದನ್ನು ಬಿಚ್ಚಿ ಮತ್ತೆ ಕಟ್ಟಬೇಕು. ಆ ಸಿಮೆಂಟ್ ಯಾವ ಲೆಕ್ಕದಲ್ಲಿ ಸೇರುತ್ತೆ?

ಓವರ್‌ಸಿಯರ್ ಸಾಹೇಬರು ಇನ್ನೊಂದು ಬಿಟ್ಟಿದ್ದಾರೆ. ಗೋಡೆ ಎಂಟೂವರೆ, ಇಟ್ಟಂಗಿ ಎಂಟು. ಅಡ್ಡ ಇಟ್ಟ ಸಾಲಿನಲ್ಲಿ ಒಂದು ಮುಖ ಅರ್ಧ ಇಂಚು ಒಳಗೆ ಹೋಗುತ್ತೆ. ನಾವು ಹೊರಮುಖಕ್ಕೆ ದಾರ ಹಿಡಿದು ಕಟ್ತೇವೆ, ತಗ್ಗು ಒಳಗಡೆ ಬರುತ್ತೆ. ಅದನ್ನು ಗಿಲಾವಿನಲ್ಲೇ ತುಂಬಬೇಕು. ಒಳಗಿನ ಗಿಲಾವಿಗೆ ಅರ್ಧ ಇಂಚು ಅಂತ ಲೆಕ್ಕ ಹಾಕಿದವರಿಗೆ ಅಲ್ಲಿ ಚೀಲ ಕಡಿಮೆ ಬೀಳುತ್ತೆ. ಆಗಲೂ ಬೈಗುಳ ನಮಗೇ.

ಹಾವೇರಿ, ಗೃಹಿಣಿ: ಅಣ್ಣಾರೇ, ಸಂಶಯ ಪಟ್ಟದ್ದು ನಾನಲ್ಲ, ಮನೆಯವರು. ಕಾರಣ ಏನು ಅಂತಲೂ ನಾನೇ ಬರೆದಿದ್ದೇನೆ, ಪೂರ್ತಿ ಓದಿ.

ಗದಗ, ನಿವೃತ್ತ ಓವರ್‌ಸಿಯರ್: ಅಡ್ಡ ಸಾಲಿನ ಮಾತು ಒಪ್ಪುತ್ತೇನೆ. ಆದರೆ ನಿಮ್ಮಲ್ಲಿ ಕೆಲವರು ಅಡ್ಡ ಸಾಲನ್ನೇ ಹಾಕಲ್ಲ. ಎರಡು ನಾಲ್ಕಿಂಚಿನ ಗೋಡೆಗಳನ್ನು ಪಕ್ಕಪಕ್ಕ ಏಳಿಸಿ ನಡುವೆ ತುಂಡು ಇಟ್ಟಂಗಿ ಸುರೀತಾರೆ. ಹೊರಗಿಂದ ನೋಡಿದರೆ ಬರೀ ಉದ್ದ ಇಟ್ಟಂಗಿಯೇ ಕಾಣುತ್ತೆ. ಅಂಥ ಗೋಡೆ ನನ್ನ ಕೈಕೆಳಗೆ ಬಂದಾಗೆಲ್ಲ ಬಿಚ್ಚಿಸಿದ್ದೇನೆ.

ಹುಬ್ಬಳ್ಳಿ, ಗೌಂಡಿ ಕೆಲಸದವನು: ಸಾವಿರ ಇಟ್ಟಂಗಿಗೆ ಇಷ್ಟು ಅಂತ ಕೂಲಿ ನಿಗದಿ ಮಾಡಿದರೆ ಹಾಗೇ ಆಗೋದು ಸಾಹೇಬ್ರೇ. ದಿನಗೂಲಿ ಕೊಡಿ, ಒಂದು ಸಾಲು ಬಿಟ್ಟು ಒಂದು ಸಾಲು ಅಡ್ಡ ಹಾಕಿ ಕಟ್ಟಿ ಕೊಡ್ತೇನೆ.

ಹುಬ್ಬಳ್ಳಿ, ನವನಗರ: ದಿನಗೂಲಿ ಕೊಟ್ಟರೆ ಗೋಡೆ ದೀಪಾವಳಿಗೂ ಏಳಲ್ಲ!

ಕೇಳಿದವರು (ಧಾರವಾಡ): ಹತ್ತು ಇಟ್ಟಂಗಿ ಇಟ್ಟು ಅಳೆದೆ. ಎಂಟೂಕಾಲು ಇಂಚು ಬಂತು. ಅಗಲ ಮಾತ್ರ ಕೆಲವು ನಾಲ್ಕು, ಕೆಲವು ಮೂರೂಮುಕ್ಕಾಲು. ಇದನ್ನು ವಾಪಸ್ ಕಳಿಸಬೇಕಾ?