ಒಲೆ ರಿಪೇರಿಯವರ ಬಾಯಲ್ಲಿ ‘ಗಾಳಿ ಕಮ್ಮಿ’ ಅಂದರೆ ಏನು?

ಮಂಗಳೂರಿನ ಕದ್ರಿಯಿಂದ:

ಒಂದು ಮಾತಿನ ಅರ್ಥ ಕೇಳಬೇಕಿತ್ತು. ನಮ್ಮ ಗ್ಯಾಸ್ ಒಲೆಯ ದೊಡ್ಡ ಬರ್ನರ್ ಎರಡು ವಾರದಿಂದ ಹಳದಿಯಾಗಿ ಉರಿಯುತ್ತಿದೆ. ಉರಿ ಉದ್ದ ಬರುತ್ತದೆ, ಬಲ ಇಲ್ಲ. ಕುಚ್ಚಲಕ್ಕಿ ಬೇಯಲು ತುಂಬಾ ಹೊತ್ತು ಬೇಕು, ಪಾತ್ರೆಯ ತಳವೆಲ್ಲ ಮಸಿ. ಸಣ್ಣ ಬರ್ನರ್ ಮಾತ್ರ ನೀಲಿಯಾಗಿಯೇ ಇದೆ. ರಿಪೇರಿಯವರಿಗೆ ಫೋನ್ ಮಾಡಿದರೆ, "ಗಾಳಿ ಕಮ್ಮಿ ಆಗಿದೆ ಅಕ್ಕ, ಶಟರ್ ನೋಡ್ಬೇಕು" ಅಂದರು. ನಾನು ಗ್ಯಾಸ್ ಮುಗಿಯುತ್ತಾ ಬಂತು ಅಂದುಕೊಂಡು ಸಿಲಿಂಡರ್ ಬದಲಿಸಿದೆ. ಏನೂ ವ್ಯತ್ಯಾಸ ಆಗಲಿಲ್ಲ. ಇಲ್ಲಿ ಗಾಳಿ ಅಂದರೆ ಗ್ಯಾಸೋ, ಹೊರಗಿನ ಗಾಳಿಯೋ? ಶಟರ್‌ಗೆ ಕನ್ನಡದಲ್ಲಿ ಹೆಸರುಂಟಾ?

ಮಲ್ಪೆಯಿಂದ:

ಗ್ಯಾಸೇ. ಟಯರಿಗೆ ‘ಗಾಳಿ ಕಮ್ಮಿ’ ಅನ್ನುವುದಿಲ್ಲವಾ, ಹಾಗೆ. ಒತ್ತಡ ಇಲ್ಲ ಅಂತ ಅರ್ಥ. ರೆಗ್ಯುಲೇಟರ್ ಹೋಗಿದೆ, ಬದಲಿಸಿ. ನಮ್ಮಲ್ಲೂ ಹೋದ ವರ್ಷ ಎರಡೂ ಬರ್ನರ್ ಮಿಣಮಿಣ ಅನ್ನುತ್ತಿದ್ದವು. ರೆಗ್ಯುಲೇಟರ್ ಬದಲಿಸಿದ ಮೇಲೆ ಸರಿಯಾಯಿತು.

ಕುಂದಾಪುರದಿಂದ:

ಒಲೆ ರಿಪೇರಿ ಮಾಡಿಯೇ ಮಕ್ಕಳನ್ನು ಓದಿಸಿದವನು ನಾನು, ಸ್ವಲ್ಪ ಹೇಳುತ್ತೇನೆ. ಮಲ್ಪೆಯವರು ಹೇಳಿದ್ದು ಅವರ ಒಲೆಗೆ ಸರಿ, ಇವರ ಒಲೆಗೆ ಅಲ್ಲ. ರೆಗ್ಯುಲೇಟರ್ ಒಂದೇ, ಬರ್ನರ್ ಎರಡು. ಒಂದು ನೀಲಿಯಾಗಿ ಚೆನ್ನಾಗಿ ಉರಿಯುವಾಗ ರೆಗ್ಯುಲೇಟರನ್ನು ದೂರುವುದು ಹೇಗೆ? ಎರಡೂ ಸಣ್ಣಗಾದರೆ ಆಗ ಅದು ಸರಿಯಾಗಿ ಕೂತಿದೆಯಾ, ಒಲೆಯ ಹಿಂದೆ ಪೈಪ್ ಮಡಚಿದೆಯಾ ನೋಡಬೇಕು. ರೆಗ್ಯುಲೇಟರ್ ಬಿಚ್ಚಿ ರಿಪೇರಿ ಮಾಡುವ ವಸ್ತು ಅಲ್ಲ, ಏಜೆನ್ಸಿಗೆ ಕೊಟ್ಟು ಬದಲಿಸಬೇಕು.

ಗ್ಯಾಸ್ ಕಮ್ಮಿಯಾದರೆ ಉರಿ ಗಿಡ್ಡ ಆಗುತ್ತದೆ, ಬಣ್ಣ ನೀಲಿಯೇ ಇರುತ್ತದೆ. ಹೊರಗಿನ ಗಾಳಿ ಕಮ್ಮಿಯಾದರೆ ಉರಿ ಉದ್ದ, ಮೆತ್ತಗೆ, ಹಳದಿ. ಪೂರ್ತಿ ಸುಡದ ಇಂಗಾಲದ ಕಣ ಕಾದು ಹೊಳೆಯುವುದೇ ಆ ಹಳದಿ. ಪಾತ್ರೆಗೆ ಹಿಡಿಯುವ ಮಸಿಯೂ ಅದೇ. ನಿಮ್ಮ ರಿಪೇರಿಯವರು ಹೇಳಿದ ಗಾಳಿ ನಿಜವಾದ ಗಾಳಿಯೇ.

ಮೊದಲು ರೆಗ್ಯುಲೇಟರ್ ಆಫ್ ಮಾಡಿ, ಬರ್ನರ್ ತಣಿದ ಮೇಲೆ ಎತ್ತಿ ಬೆಳಕಿಗೆ ಹಿಡಿಯಿರಿ. ಗಂಜಿಯ ತೆಳಿ ಉಕ್ಕಿ ಎಷ್ಟು ಕಣ್ಣು ಕಟ್ಟಿದೆ ಅಂತ ಆಗಲೇ ಕಾಣುತ್ತದೆ. ಬಿಸಿ ನೀರು, ಸೋಪಿನಲ್ಲಿ ನೆನೆಸಿ, ಪಿನ್ನಿನಿಂದ ಒಂದೊಂದೇ ಕಣ್ಣು ಬಿಡಿಸಿ. ಬರ್ನರ್ ಕೆಳಗಿನ ಕೊಳವೆಯೊಳಗೆ ಬಟ್ಟೆ ಸುತ್ತಿದ ಕಡ್ಡಿ ಆಡಿಸಿ. ನಮ್ಮೂರ ಒಲೆಗಳಲ್ಲಿ ಜೇಡರ ಬಲೆ ಅಲ್ಲಿ ಕೂತು ಗಾಳಿಯನ್ನು ಅರ್ಧಕ್ಕೆ ತಡೆಯುವುದುಂಟು. ಆ ಕೊಳವೆಯ ಬಾಯಿಗೆ ಗ್ಯಾಸ್ ಬಿಡುವ ಹಿತ್ತಾಳೆಯ ಸಣ್ಣ ಜೆಟ್ ಇರುತ್ತದೆ. ಅದಕ್ಕೆ ಮಾತ್ರ ಪಿನ್ ಹಾಕಬೇಡಿ. ತೂತು ದೊಡ್ಡದಾದರೆ ಗ್ಯಾಸ್ ಜಾಸ್ತಿ ಬಂದು ಹಳದಿ ಇನ್ನೂ ಹೆಚ್ಚುತ್ತದೆ. ಎಲ್ಲ ಚೆನ್ನಾಗಿ ಒಣಗಿದ ಮೇಲೆ ಜೋಡಿಸಿ.

ಆಮೇಲೂ ಹಳದಿ ಇದ್ದರೆ ಶಟರ್. ಕೊಳವೆಯ ಬಾಯಲ್ಲಿ ಗಾಳಿ ಹೋಗುವ ತೂತನ್ನು ಮುಚ್ಚಿ ತೆರೆಯುವ ತಗಡು ಅದು. ಒಲೆ ಆಫ್ ಮಾಡಿ, ಕೂದಲೆಳೆಯಷ್ಟು ಸರಿಸಿ, ಹಚ್ಚಿ ನೋಡಿ. ಜಾಸ್ತಿ ತೆರೆದರೆ ಉರಿ ಬರ್ನರಿನಿಂದ ಎದ್ದು ‘ಬುಸ್’ ಅನ್ನುತ್ತದೆ. ಎಲ್ಲ ಒಲೆಯಲ್ಲೂ ಇದು ಇರುವುದಿಲ್ಲ.

ಕಾಪುವಿನಿಂದ:

ನಮ್ಮಲ್ಲಿ ಕೇಸರಿ ಉರಿ, ಅದೂ ನೀಲಿಯ ನಡುವೆ ಚಟಪಟ ಕಿಡಿ ಹಾಗೆ. ಮೀನು ಸಾರು ಉಕ್ಕಿದ ದಿನದಿಂದ. ನಾನೂ ಶಟರ್ ಮುಟ್ಟಬೇಕಾ?

ಕುಂದಾಪುರದಿಂದ:

ಬೇಡ ಮಾರಾಯ್ರೆ. ಅದು ಉಪ್ಪು. ಉಪ್ಪು ಉರಿಗೆ ತಾಗಿದರೆ ಆ ಬಣ್ಣ ಬರುತ್ತದೆ. ತೊಳೆದು ಒಣಗಿಸಿ. ಇವರದು ಬಿಡದೆ ಉರಿಯುವ ಹಳದಿ, ಮಸಿಯೂ ಉಂಟು. ನಿಮಗೆ ಮಸಿ ಹಿಡಿಯಿತಾ?

ಕಾಪುವಿನಿಂದ:

ಇಲ್ಲ.

ಕದ್ರಿಯಿಂದ:

ಮಾಡಿ ನೋಡಿದೆ. ಬರ್ನರಿನ ಒಂದು ಕಡೆ ಒಂಬತ್ತು ಕಣ್ಣು ತೆಳಿಯಿಂದ ಕಟ್ಟಿದ್ದವು. ಕೊಳವೆಯಿಂದ ಕಡ್ಡಿಗೆ ಬೂದು ಬಣ್ಣದ ಬಲೆ ಸುತ್ತಿ ಬಂತು, ನೋಡಿ ನಾಚಿಕೆಯಾಯಿತು. ಹಚ್ಚಿದರೆ ಬುಡ ನೀಲಿ, ತುದಿ ಇನ್ನೂ ಹಳದಿ. ಶಟರ್ ಸ್ವಲ್ಪ ತೆರೆದೆ, ಬುಸ್ ಅಂದಿತು. ಹಿಂದೆ ಸರಿಸಿದೆ, ಈಗ ನೀಲಿ. ಗ್ಯಾಸ್ ಸೋರುತ್ತಿದೆಯಾ ಅಂತ ಬದಿಯಲ್ಲಿ ಸೋಪಿನ ನೀರು ಹಚ್ಚಿ ನೋಡಿದೆ, ಗುಳ್ಳೆ ಬರಲಿಲ್ಲ.

ಆದರೆ ಶಬ್ದ ಉಳಿಯಿತು. ಕೃಷ್ಣ ಮಠದ ಕನಕನ ಕಿಂಡಿಯ ಹಾಗೆ ಇದಕ್ಕೂ ‘ಗಾಳಿಕಿಂಡಿ’ ಅನ್ನಬಹುದಲ್ವಾ?

ಮಲ್ಪೆಯಿಂದ:

ಕಿಂಡಿ ಅಂದರೆ ತೂತು. ಶಟರ್ ಅಂದರೆ ಆ ತೂತಿನ ಮುಚ್ಚಳ. ಎರಡೂ ಒಂದೇ ಹೇಗೆ? ರೆಗ್ಯುಲೇಟರ್ ವಿಷಯದಲ್ಲಿ ನಾನು ಸೋತೆ, ಇದರಲ್ಲಿ ಬಿಡುವುದಿಲ್ಲ.

ಕುಂದಾಪುರದಿಂದ:

ನಮ್ಮ ಅಂಗಡಿಯಲ್ಲಿ ಹುಡುಗರು ‘ಗಾಳಿ ಬಿಡು’, ‘ಗಾಳಿ ಕಟ್ಟು’ ಅಂತಲೇ ಕೆಲಸ ಮಾಡುತ್ತಿದ್ದರು. ಆ ತಗಡಿಗೆ ಹೆಸರು ಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ.