‘ಬಹುದು’ ಕೇಳಿದರೂ ‘ಬೇಕು’ ಕೇಳಿದರೂ ಒಂದೇ ರೂಪ ಬರುತ್ತಿದೆ, ಫೋರ್ಸ್ ಬೇರ್ಪಡಿಸುವುದು ಹೇಗೆ?

ಅಘನಾಶಿನಿ
ತಲೆ ಕೆಟ್ಟುಹೋಗಿದೆ. ಸಾಧ್ಯತೆಯ ವಾಕ್ಯ ಕೊಟ್ಟರೂ ಅದೇ ಉತ್ತರ, ಖಚಿತ ಊಹೆಯ ವಾಕ್ಯ ಕೊಟ್ಟರೂ ಅದೇ ಉತ್ತರ. ಸಂದರ್ಭ ಹೇಳಿ ಕೇಳಿದರೆ ಎರಡಕ್ಕೂ ‘ಸರಿ, ಹೇಳಬಹುದು’ ಅನ್ನುತ್ತಾರೆ. ಪ್ರಶ್ನಾವಳಿ ಪೂರ್ತಿ ಮುಗಿಸಿದರೂ ಫೋರ್ಸ್, ಅಂದರೆ ಬರೀ ಸಾಧ್ಯತೆಯೋ ಖಚಿತವೋ ಅನ್ನುವ ಕಾಲಂ ಖಾಲಿ ಇದೆ. ಯಾರಾದರೂ ದಾರಿ ಹೇಳಿ.

ಬೆಟ್ಟದಮನೆ
ಇದು ವೇರಿಯಬಲ್ ಫೋರ್ಸ್, ಅನುಮಾನವೇ ಬೇಡ. ಕೆನಡಾದ ಲಿಲೂಯೆಟ್ ಭಾಷೆಯ ಮೋಡಲ್‌ಗಳು, ಅಂದರೆ ‘ಬಹುದು’, ‘ಬೇಕು’ ಥರದ ರೂಪಗಳು, ಹೀಗೇ. ರುಲ್‌ಮನ್, ಮ್ಯಾಥ್ಯೂಸನ್, ಡೇವಿಸ್ 2008ರಲ್ಲಿ ಬರೆದಿದ್ದಾರೆ. ಅಲ್ಲಿ ಫ್ಲೇವರ್, ಅಂದರೆ ಊಹೆಯೋ ನಿಯಮವೋ ಅನ್ನುವುದು, ರೂಪದಲ್ಲೇ ಕೂತಿರುತ್ತದೆ, ಫೋರ್ಸ್ ಸಂದರ್ಭಕ್ಕೆ ಬಿಟ್ಟದ್ದು. ನಿಮ್ಮದೂ ಅದೇ. ಕಾಲಂನಲ್ಲಿ ‘ಎರಡೂ’ ಅಂತ ಬರೆದುಬಿಡಿ.

ಹಳೇಕಣಿ
ಯಾವ ಮಾತು, ಯಾವ ಊರು, ಯಾವ ರೂಪ? ಒಂದನ್ನೂ ಹೇಳದೆ ‘ಅದೇ ಉತ್ತರ’ ಅಂದರೆ ನಾವು ಏನು ಹೇಳುವುದು? ಕೊಟ್ಟ ಸಂದರ್ಭವನ್ನೂ ಇದ್ದ ಹಾಗೆ ಇಲ್ಲಿ ಹಾಕಿ.

ಅಘನಾಶಿನಿ
ಹವ್ಯಕ ಮಾತು, ಶಿರಸಿ ಕಡೆಯದು. ರೂಪ ‘ಇಕ್ಕು’. ವಾಕ್ಯ: ‘ಅಪ್ಪ ತ್ವಾಟದಲ್ಲಿ ಇಕ್ಕು’.
ಬಲವಾದ ಸಂದರ್ಭ: ಅಪ್ಪ ಮಧ್ಯಾಹ್ನ ಹೊರಗೆ ಹೋದರೆ ತೋಟ, ಸೊಸೈಟಿ, ದೇವಸ್ಥಾನ, ಈ ಮೂರೇ ಕಡೆ. ಸೊಸೈಟಿಯಲ್ಲಿಲ್ಲ, ದೇವಸ್ಥಾನಕ್ಕೆ ಬೀಗ ಬಿದ್ದಿದೆ.
ದುರ್ಬಲ ಸಂದರ್ಭ: ಸೊಸೈಟಿಯಲ್ಲಿಲ್ಲ ಅಂತ ಮಾತ್ರ ಗೊತ್ತು.
ಎರಡರಲ್ಲೂ ಒಪ್ಪಿದರು.

ಸದಾಶಿವಗಡ
ನಮ್ಮ ಕಾರವಾರದ ಕೊಂಕಣಿಯಲ್ಲಿ ಈ ತೊಂದರೆಯೇ ಇಲ್ಲ ನೋಡಿ. ‘ಆಯ್ಲಾ ಆಸ್ತಲೊ’ ಅಂದರೆ ಬಂದಿರಬೇಕು ಅನ್ನುವ ಊಹೆ, ‘ಜಾಯ್’ ಅಂದರೆ ಕಡ್ಡಾಯ. ಒಂದು ಊಹೆಗೆ, ಇನ್ನೊಂದು ಅಗತ್ಯಕ್ಕೆ. ನೀವೂ ಕಡ್ಡಾಯದ ವಾಕ್ಯ ಕೇಳಿ, ಬೇರೆ ರೂಪ ಬರುತ್ತದೆ.

ಹಳೇಕಣಿ
ಸದಾಶಿವಗಡ ಅವರೇ, ನೀವು ಹೇಳಿದ್ದು ಫ್ಲೇವರ್‌ನ ವ್ಯತ್ಯಾಸ, ಇಲ್ಲಿನ ಪ್ರಶ್ನೆ ಫೋರ್ಸ್‌ನದ್ದು. ನಿಯಮ ಸೇರಿಸಿ ಕೇಳಿದರೆ ಹವ್ಯಕದಲ್ಲೂ ‘ಹೋಗವು’ ಬರುತ್ತದೆ, ಪರವಾನಗಿ ಕೇಳಿದರೆ ‘ಹೋಗ್ಲಕ್ಕು’ ಬರುತ್ತದೆ. ಅದರಿಂದ ‘ಇಕ್ಕು’ ಬಗ್ಗೆ ಏನೂ ತಿಳಿಯುವುದಿಲ್ಲ. ಒಂದು ಸಲಕ್ಕೆ ಒಂದನ್ನೇ ಕದಲಿಸಬೇಕು: ಫ್ಲೇವರ್ ಕಟ್ಟಿಹಾಕಿ ಫೋರ್ಸ್ ಬದಲಿಸುವುದು, ಇಲ್ಲವೇ ಉಲ್ಟಾ.

ಅಘನಾಶಿನಿ, ನಿಮ್ಮ ಎರಡು ಸಂದರ್ಭಗಳಲ್ಲೂ ಫ್ಲೇವರ್ ಗಟ್ಟಿಯಾಗಿದೆ. ಅಪ್ಪ ಅಲ್ಲಿ ಇರಲೇಬೇಕೆಂಬ ನಿಯಮ ಯಾವುದೂ ಇಲ್ಲ, ಬರೀ ಊಹೆ. ತೊಂದರೆ ಫೋರ್ಸ್ ಕಡೆ, ಅದೂ ಎರಡು.

ಒಂದು, ಬಲವಾದ ಸಂದರ್ಭದಲ್ಲಿ ‘ಸರಿ’ ಅಂದದ್ದಕ್ಕೆ ಬೆಲೆ ಕಡಿಮೆ. ಖಚಿತವಾಗಿ ತೋಟದಲ್ಲಿದ್ದಾನೆ ಅಂದಮೇಲೆ ಇರುವ ಸಾಧ್ಯತೆಯಂತೂ ಇದ್ದೇ ಇದೆಯಲ್ಲ. ಬರೀ ಸಾಧ್ಯತೆಯ ರೂಪವೂ ಅಲ್ಲಿ ಸುಳ್ಳಾಗುವುದಿಲ್ಲ. ನಿರ್ಣಯ ಮಾಡುವುದು ದುರ್ಬಲ ಸಂದರ್ಭ: ಅಲ್ಲಿ ತಳ್ಳಿಹಾಕಿದರೆ ಅದು ಬಲವಾದ ರೂಪ.

ಎರಡು, ನಿಮ್ಮ ದುರ್ಬಲ ಸಂದರ್ಭ ದುರ್ಬಲವೇ ಅಲ್ಲ. ಮಧ್ಯಾಹ್ನದ ಹೊತ್ತು, ಅಡಿಕೆ ತೋಟದ ಮನೆ. ತೋಟವೋ ದೇವಸ್ಥಾನವೋ ಅಂದರೆ ಕೇಳಿದವರ ಮನಸ್ಸು ಆಗಲೇ ತೋಟಕ್ಕೆ ಹೋಗಿರುತ್ತದೆ. ಅವರು ಒಪ್ಪಿದ್ದು ‘ಇದ್ದರೂ ಇದ್ದಾನು’ ಅನ್ನುವುದಕ್ಕೋ, ‘ಹೆಚ್ಚುಕಮ್ಮಿ ಅಲ್ಲೇ’ ಅನ್ನುವುದಕ್ಕೋ ಹೇಳಲಾಗದು.

ಹೀಗೆ ಮಾಡಿ. ನಾಲ್ಕು ಜಾಗ ಇಡಿ: ತೋಟ, ಸೊಸೈಟಿ, ದೇವಸ್ಥಾನ, ಪಕ್ಕದ ಮನೆ. ಅಪ್ಪ ನಾಲ್ಕಕ್ಕೂ ಒಂದೇ ಸಮ ಹೋಗುತ್ತಾನೆ, ಹೊತ್ತುಗೊತ್ತಿಲ್ಲ ಅಂತ ಮೊದಲೇ ಹೇಳಿ. ಒಂದನ್ನು ಮಾತ್ರ ತೆಗೆದುಹಾಕಿ, ಮೂರು ಉಳಿಯಲಿ. ಎರಡೇ ಉಳಿದರೆ ಅರ್ಧಕ್ಕರ್ಧ, ‘ಹೆಚ್ಚುಕಮ್ಮಿ’ ಅನ್ನುವ ಓದು ನುಸುಳುತ್ತದೆ. ಮೂರರಲ್ಲಿ ಯಾವುದೂ ಅರ್ಧ ದಾಟುವುದಿಲ್ಲ. ವಾಕ್ಯ ತೋಟದ ಮೇಲೆ ಬೇಡ, ದೇವಸ್ಥಾನದ ಮೇಲಿರಲಿ. ಆಮೇಲೆ ಜೋಡಿಸಿ ಕೇಳಿ: ‘ದೇವಸ್ಥಾನದಲ್ಲಿ ಇಕ್ಕು, ಪಕ್ಕದ ಮನೆಲೂ ಇಕ್ಕು’. ಬಲವಾದ ರೂಪವಾದರೆ ಒಬ್ಬನೇ ಎರಡು ಕಡೆ ಇರಬೇಕಾಗಿ ವಾಕ್ಯ ಮುರಿದುಬೀಳುತ್ತದೆ, ಸಾಧ್ಯತೆಯಾದರೆ ನಿಲ್ಲುತ್ತದೆ.

ಬೆಟ್ಟದಮನೆ
ನಿಂತರೂ ನನ್ನ ಮಾತು ಸುಳ್ಳಾಗುವುದಿಲ್ಲ. ದುರ್ಬಲ ಸಂದರ್ಭದಲ್ಲಿ ಸಾಧ್ಯತೆ, ಬಲವಾದದ್ದರಲ್ಲಿ ಖಚಿತ. ವೇರಿಯಬಲ್ ಅಂದರೆ ಅದೇ ತಾನೇ?

ಹಳೇಕಣಿ
ಆ ಮಟ್ಟಿಗೆ ಸರಿ. ಆದರೆ ಅಮೆರಿಕದ ನೆಜ್ ಪರ್ಸ್ ಭಾಷೆಯ ಒಂದು ಮೋಡಲ್ ಕೂಡ ಮೇಲುನೋಟಕ್ಕೆ ಹೀಗೇ ಇತ್ತು. ಏಮಿ ರೋಸ್ ಡೀಲ್ 2011ರಲ್ಲಿ ತೋರಿಸಿದ್ದು, ಅದು ಅಪ್ಪಟ ಸಾಧ್ಯತೆಯ ರೂಪ, ಅದಕ್ಕೆ ಎದುರಾಗಿ ಬಲವಾದ ಜೋಡಿಯೇ ಇಲ್ಲ ಅಂತ. ಜೋಡಿ ಇಲ್ಲದಿದ್ದರೆ ‘ಬಲವಾದದ್ದನ್ನು ಯಾಕೆ ಹೇಳಲಿಲ್ಲ’ ಅನ್ನುವ ಪ್ರಶ್ನೆ ಏಳುವುದಿಲ್ಲ, ಹಾಗಾಗಿ ಖಚಿತ ಸಂದರ್ಭದಲ್ಲೂ ಸಲೀಸಾಗಿ ಕೂರುತ್ತದೆ. ನಿಷೇಧದ ಒಳಗೆ ಹಾಕಿದಾಗ ಅದರ ನಿಜಬಣ್ಣ ಕಂಡಿತು: ಅಲ್ಲಿ ಸಾಧ್ಯತೆಯ ಅರ್ಥ ಒಂದೇ ಉಳಿಯಿತು.

ಹವ್ಯಕದಲ್ಲಿ ಜೋಡಿ ಇದೆಯೋ ಇಲ್ಲವೋ ಅನ್ನುವುದೇ ಪ್ರಶ್ನೆ. ‘ತ್ವಾಟದಲ್ಲಿ ಇರವು’ ಅನ್ನುವುದನ್ನು ಊಹೆಯ ಅರ್ಥದಲ್ಲಿ ಒಪ್ಪುತ್ತಾರಾ, ಇಲ್ಲ ‘ಅಲ್ಲಿರಲೇಬೇಕು’ ಅನ್ನುವ ಅಪ್ಪಣೆ ಮಾತ್ರವೇ? ಅದನ್ನು ಮೊದಲು ನೋಡಿ.

ಅಘನಾಶಿನಿ
‘ಇಕ್ಕು’ ಮೇಲೆ ‘ಇಲ್ಲೆ’ ಹತ್ತುವುದೇ ಇಲ್ಲ. ನಿಷೇಧ ಕೇಳಿದರೆ ಬೇರೆ ರೂಪವೇ ಬರುತ್ತದೆ. ಆ ಪರೀಕ್ಷೆ ಹೇಗೆ ಮಾಡುವುದು?

ಹಳೇಕಣಿ
‘ಹಾಗಾದರೆ ಹೀಗೆ’ ಅನ್ನುವ ಷರತ್ತಿನ ಒಳಗೆ ಹಾಕಿ, ಅದೂ ನಿಷೇಧದ ಕೆಲಸ ಮಾಡುತ್ತದೆ. ಅಮ್ಮ ಮಗನಿಗೆ ಹೇಳುತ್ತಾಳೆ: ‘ಅಪ್ಪ ತ್ವಾಟದಲ್ಲಿ ಇಕ್ಕು ಹೇಳಾದ್ರೆ ಗೇಟಿಗೆ ಬೀಗ ಹಾಕಡ.’ ಈಗ ಮೂರು ಜಾಗ ಉಳಿದಿರುವ ಸಂದರ್ಭ ಕೊಡಿ, ತೋಟವೂ ಅವುಗಳಲ್ಲೊಂದು. ಮಗ ಬೀಗ ಹಾಕಿದ. ಅಮ್ಮನ ಮಾತು ಮೀರಿದನಾ? ‘ಮೀರಿದ’ ಅಂದರೆ ಒಳಗಿನ ಅರ್ಥ ಸಾಧ್ಯತೆ. ‘ಇಲ್ಲ, ಅಲ್ಲೇ ಇದ್ದಾನೆಂದು ಗೊತ್ತಿರಲಿಲ್ಲವಲ್ಲ’ ಅಂದರೆ ಬಲವಾದದ್ದು. ವಾಕ್ಯ ಸರಿಯಾ ಅಂತ ಕೇಳುವ ಬದಲು ಮಗನ ಬಗ್ಗೆ ಕೇಳಿ, ಉತ್ತರ ಸ್ವಚ್ಛವಾಗಿ ಬರುತ್ತದೆ.

ಬೆಟ್ಟದಮನೆ
‘ಹೇಳಾದ್ರೆ’ ಅಂದಮೇಲೆ ‘ಹಾಗಂತ ಯಾರಾದರೂ ಹೇಳಿದರೆ’ ಅಂತಲೂ ಆಗುತ್ತದೆ. ಆಗ ಅಳೆದದ್ದು ‘ಇಕ್ಕು’ವಿನ ಅರ್ಥವನ್ನೋ, ಇನ್ನೊಬ್ಬರ ಮಾತನ್ನೋ?

ಹಳೇಕಣಿ
ಒಳ್ಳೆಯ ತಕರಾರು, ಒಪ್ಪಿದೆ. ಮನೆಯಲ್ಲಿ ಮಗ ಒಬ್ಬನೇ, ಯಾರೂ ಏನೂ ಹೇಳಲಿಲ್ಲ ಅಂತ ಸಂದರ್ಭದಲ್ಲೇ ಸೇರಿಸಿದರೆ ಆ ಓದು ಸ್ವಲ್ಪ ತಗ್ಗುತ್ತದೆ. ಪೂರ್ತಿ ಹೋಗುತ್ತದೆ ಅಂತ ಹೇಳಲಾರೆ.

ಸದಾಶಿವಗಡ
ಇಷ್ಟೆಲ್ಲ ಬಾಯಿಮಾತಲ್ಲಿ ಹೇಳುವ ಬದಲು ಚಿತ್ರ ತೋರಿಸಿ. ನಾನು ಎಲ್ಲವನ್ನೂ ಜೂಮ್ ಎಚ್5 ರೆಕಾರ್ಡರ್‌ನಲ್ಲಿ 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್ ಮಾಡಿಕೊಳ್ಳುತ್ತೇನೆ, ಕಾಲರ್ ಮೈಕ್ ಬೇರೆ. ತಗಡಿನ ಮಾಡಿನ ಮೇಲೆ ಮಳೆ ಹೊಡೆದರೂ ಪ್ರತಿ ಅಕ್ಷರ ಕೇಳಿಸುತ್ತದೆ.

ಬೆಟ್ಟದಮನೆ
ಶಿರಸಿ ಮಳೆಗೆ ಕಾಲರ್ ಮೈಕ್ ಸಾಕಾಗುವುದಿಲ್ಲ. ಒಳಕೋಣೆಯಲ್ಲಿ ಕಂಬಳಿ ಇಳಿಬಿಟ್ಟು ಮಾಡಬೇಕು.

ಹಳೇಕಣಿ
ಮೈಕಿಗೆ ಬೇರೆ ಚರ್ಚೆ ತೆರೆಯಿರಿ. ಚಿತ್ರಗಳು ಒಳ್ಳೆಯವು, ಆದರೆ ಅವುಗಳಿಂದ ಸಿಗುವುದು ಜನ ತಾವಾಗಿ ಬಳಸುವ ರೂಪ. ಯಾವುದನ್ನು ತಳ್ಳಿಹಾಕುತ್ತಾರೆ ಅನ್ನುವುದು ಸಿಗುವುದಿಲ್ಲ, ಫೋರ್ಸ್ ತೀರ್ಮಾನಕ್ಕೆ ಅದೇ ಬೇಕು. ಇನ್ನೊಂದು, ಅಘನಾಶಿನಿ: ಹೇಳಿದವರ ತವರು ಯಾವ ಕಡೆ? ದಕ್ಷಿಣದ ಹವ್ಯಕರಲ್ಲಿ ಕಡ್ಡಾಯಕ್ಕೆ ‘ಮಾಡೆಕ್ಕು’, ನಿಮ್ಮಲ್ಲಿ ‘ಮಾಡವು’. ಎರಡೂ ಕಿವಿಯಲ್ಲಿರುವವರ ತೀರ್ಪನ್ನು ಬೇರೆ ಹಾಳೆಯಲ್ಲಿ ಬರೆದಿಡಿ.

ಅಘನಾಶಿನಿ
ನಾಲ್ಕು ಜಾಗದ ಸಂದರ್ಭ ಹಾಕಿ ನೋಡಿದೆ. ‘ದೇವಸ್ಥಾನದಲ್ಲಿ ಇಕ್ಕು, ಪಕ್ಕದ ಮನೆಲೂ ಇಕ್ಕು’ ಅನ್ನುವುದನ್ನು ಅಜ್ಜಿ ತಡೆಯಿಲ್ಲದೆ ಒಪ್ಪಿದರು. ಅವರು ಶಿರಸಿಯವರೇ. ಸೊಸೆ ಮಾತ್ರ ‘ಮೊದಲನೇದು ಸಾಕು, ಎರಡನೇದು ಸೇರಿಸಿದರೆ ಕೆಡ್ತು’ ಅಂದರು, ಅವರ ತವರು ದಕ್ಷಿಣ ಕನ್ನಡದ ವಿಟ್ಲ. ‘ಇರವು’ಗೆ ಊಹೆಯ ಅರ್ಥ ಉಂಟು ಅಂತ ಅಜ್ಜಿ, ಇಲ್ಲ ಅಂತ ಸೊಸೆ. ಗೇಟಿನ ವಾಕ್ಯ ಇನ್ನೂ ಕೇಳಿಲ್ಲ.

ಬೆಟ್ಟದಮನೆ
ಅಜ್ಜಿಯ ಮಾತಲ್ಲಿ ಜೋಡಿ ಇದೆ ಅಂತಾಯಿತು. ಹಾಗಾದರೆ ಬಲವಾದ ಸಂದರ್ಭದಲ್ಲಿ ‘ಇಕ್ಕು’ ಅವರಿಗೆ ಸಪ್ಪೆ ಅನ್ನಿಸಬೇಕಿತ್ತು. ಯಾಕೆ ಒಪ್ಪಿದರು?

ಹಳೇಕಣಿ
ಅದನ್ನೇ ಅವರ ಹತ್ತಿರ ಕೇಳಿ: ದೇವಸ್ಥಾನಕ್ಕೆ ಬೀಗ ಬಿದ್ದ ಸಂದರ್ಭದಲ್ಲಿ ‘ಇಕ್ಕು’, ‘ಇರವು’ ಎರಡನ್ನೂ ಪಕ್ಕಪಕ್ಕ ಇಟ್ಟು ಯಾವುದು ಒಳ್ಳೆಯದು ಅಂತ. ಗೇಟಿನ ವಾಕ್ಯ ಅದಾದ ಮೇಲೆ.