ಒಂದು ಇಂಚು ಮಳೆ ಅಂದರೆ ಎಷ್ಟು ನೀರು? ಪೋಷಕರಿಗೆ ಹೇಳುವ ಬಗೆ

ಪ್ರಾಥಮಿಕ ಶಾಲೆ ಶಿಕ್ಷಕಿ, ವಿರಾಜಪೇಟೆ ತಾಲ್ಲೂಕು

ನಮ್ಮ ಆರನೇ ತರಗತಿ ಮಕ್ಕಳು ಈ ಮಳೆಗಾಲ ಮನೆಯಲ್ಲೇ ಮಳೆ ಅಳೆದು ಬರೆದು ತರಬೇಕು. "ನೀರನ್ನು ಲೀಟರಲ್ಲಿ ಅಳೆಯುತ್ತೇವೆ, ಮಳೆಗೆ ಮಾತ್ರ ಯಾಕೆ ಇಂಚು? ನಮ್ಮದು ದೊಡ್ಡ ಬಕೆಟ್, ಹಾಗಾದರೆ ನಮ್ಮಲ್ಲಿ ಮಳೆ ಜಾಸ್ತಿ ಬಂತಾ?" ಅಂತ ಪೋಷಕರು ಕೇಳುತ್ತಿದ್ದಾರೆ. ತೋಟದವರೂ ಇದ್ದಾರೆ, ಲೈನ್ ಮನೆಯವರೂ ಇದ್ದಾರೆ. ಒಂದು ಪುಟದಲ್ಲಿ ಸರಳವಾಗಿ ಬರೆದು ಕೊಡಬೇಕು. ಹೇಗೆ ಹೇಳಿದರೆ ಅರ್ಥವಾಗುತ್ತದೆ, ಅಳೆಯುವಾಗ ಎಲ್ಲಿ ತಪ್ಪುತ್ತದೆ, ತಿಳಿದವರು ಹೇಳಿ.

ವಿಜ್ಞಾನ ಶಿಕ್ಷಕ, ಸೋಮವಾರಪೇಟೆ

ಮೇಡಂ, ಲೀಟರಿನಿಂದ ಶುರು ಮಾಡಬೇಡಿ, ಕಾಫಿ ಒಣಗಿಸುವ ಕಣದಿಂದ ಶುರು ಮಾಡಿ. ಕಣದ ಸುತ್ತ ಒಂದು ಗೇಣು ಕಟ್ಟೆ ಇದೆ, ನೆಲ ಸಮವಾಗಿದೆ, ಬಿದ್ದ ನೀರು ಇಂಗುವುದಿಲ್ಲ, ಹರಿದೂ ಹೋಗುವುದಿಲ್ಲ ಅಂದುಕೊಳ್ಳಿ. ಮಳೆ ನಿಂತ ಮೇಲೆ ಅಲ್ಲಿ ನೀರು ಎಷ್ಟು ಎತ್ತರ ನಿಂತಿದೆಯೋ ಅದೇ ಮಳೆಯ ಅಳತೆ. ಕಣ ಚಿಕ್ಕದಿರಲಿ ದೊಡ್ಡದಿರಲಿ, ಆ ಎತ್ತರ ಒಂದೇ. ದೊಡ್ಡ ಕಣದಲ್ಲಿ ಲೀಟರ್ ಜಾಸ್ತಿ ಇರುತ್ತದೆ, ಆದರೆ ಆ ನೀರು ಹರಡಿಕೊಳ್ಳುವ ಜಾಗವೂ ಅಷ್ಟೇ ಜಾಸ್ತಿ. ಲೀಟರಲ್ಲಿ ಹೇಳಿದರೆ ಎಷ್ಟು ಜಾಗದ ಮೇಲೆ ಅಂತಲೂ ಪ್ರತಿ ಸಲ ಹೇಳಬೇಕಾಗುತ್ತದೆ. ಇಂಚಿನಲ್ಲಿ ಹೇಳಿದರೆ ನಿಮ್ಮ ಅಂಗಳಕ್ಕೂ ಪಕ್ಕದ ತೋಟಕ್ಕೂ ಒಂದೇ ಮಾತು ಸಾಕು.

ಲೀಟರಿಗೆ ಬರುವುದೂ ಸುಲಭ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ 1 ಲೀಟರ್. ಇಂಚು ಅಂದರೆ 25.4 ಮಿ.ಮೀ., ಅಂದರೆ ಅದೇ ಜಾಗಕ್ಕೆ 25 ಲೀಟರಿಗಿಂತ ಸ್ವಲ್ಪ ಹೆಚ್ಚು. ಒಂದು ಎಕರೆಗೆ ಲೆಕ್ಕ ಹಾಕಿದರೆ ಒಂದು ಇಂಚು ಮಳೆ ಅಂದರೆ ಸುಮಾರು 1 ಲಕ್ಷದ 3 ಸಾವಿರ ಲೀಟರ್. 5 ಸಾವಿರ ಲೀಟರಿನ ಟ್ಯಾಂಕರ್ ಇಪ್ಪತ್ತು ಸಲ ಬಂದು ಸುರಿದರೂ ಇನ್ನೂ ಸ್ವಲ್ಪ ಬಾಕಿ. ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್ ಹಾಕಿದವರಿಗೆ ಈ ಲೆಕ್ಕ ತಕ್ಷಣ ಹಿಡಿಸುತ್ತದೆ.

ಬಕೆಟ್ಟಿನ ಪ್ರಶ್ನೆಗೆ ಮಾತಿಗಿಂತ ಮಾಡಿ ತೋರಿಸುವುದು ಒಳ್ಳೆಯದು. ಬದಿ ನೆಟ್ಟಗಿರುವ ಎರಡು ಸ್ಟೀಲ್ ಡಬ್ಬಿ ತನ್ನಿ, ಒಂದು ದೊಡ್ಡದು, ಒಂದು ಚಿಕ್ಕದು. ಪಕ್ಕಪಕ್ಕ ಮಳೆಗೆ ಇಟ್ಟು ಸ್ಕೇಲ್ ಇಳಿಸಿದರೆ ಎರಡರಲ್ಲೂ ಒಂದೇ ಎತ್ತರ ಸಿಗುತ್ತದೆ. ಬಕೆಟ್ ಇಟ್ಟರೆ ಸಿಗುವುದಿಲ್ಲ. ಅದು ದೊಡ್ಡದು ಅಂತಲ್ಲ, ಬಾಯಿ ಅಗಲ, ತಳ ಕಿರಿದು ಅಂತ. ಬಾಯಿ 28 ಸೆಂ.ಮೀ., ತಳ 21 ಸೆಂ.ಮೀ., ಎತ್ತರ 28 ಸೆಂ.ಮೀ. ಇರುವ ಬಕೆಟ್ಟಿನಲ್ಲಿ ಒಂದು ಇಂಚು ಮಳೆ ಸುಮಾರು 1.7 ಇಂಚಾಗಿ ಕಾಣುತ್ತದೆ. ಅಗಲ ಬಾಯಿಯಲ್ಲಿ ಹಿಡಿದ ನೀರು ಕಿರಿದು ತಳಕ್ಕೆ ಇಳಿದು ಮೇಲೇರುತ್ತದೆ, ಅಷ್ಟೇ. ಆ ಪೋಷಕರು ನೋಡಿದ್ದು ಸುಳ್ಳಲ್ಲ, ಓದಿದ ಕಾರಣ ಬೇರೆ.

ಪೋಷಕರು, ಗೋಣಿಕೊಪ್ಪ

ಇಷ್ಟೆಲ್ಲ ಯಾಕೆ ಸರ್? ಯಾವುದಾದರೂ ಬಾಟಲಿಗೆ ಸ್ಕೇಲ್ ಅಂಟಿಸಿ, ಬಾಯಿಗೆ ಒಂದು ಆಲಿಕೆ ಇಟ್ಟರೆ ಆಯಿತು. ಸ್ಕೇಲಿನಲ್ಲಿ ಒಂದು ಇಂಚು ಏರಿದರೆ ಒಂದು ಇಂಚು ಮಳೆ.

ತೋಟದ ರೈಟರ್, ಸಿದ್ದಾಪುರ

ಅಣ್ಣ, ಅದು ಅರ್ಧ ಸರಿ. ಆಲಿಕೆಯ ಬಾಯಿ ಮತ್ತು ಬಾಟಲಿಯ ಹೊಟ್ಟೆ ಒಂದೇ ಅಗಲ ಇದ್ದರೆ ಮಾತ್ರ ಹಾಗೆ ಓದಬಹುದು. ಅಗಲ ಆಲಿಕೆ, ಸಪೂರ ಬಾಟಲಿ ಆದರೆ ಮೇಲೆ ಹೇಳಿದ ಬಕೆಟ್ಟಿನ ತಪ್ಪೇ ಇನ್ನೂ ಜೋರಾಗಿ ಆಗುತ್ತದೆ.

ಎರಡು ದಾರಿ ಇದೆ. ಮೊದಲನೆಯದು 2 ಲೀಟರಿನ ತಂಪು ಪಾನೀಯದ ಬಾಟಲಿ. ಹೆಗಲು ಮುಗಿದು ಮೈ ನೆಟ್ಟಗಾಗುವ ಕಡೆ ಕತ್ತರಿಸಿ, ಮೇಲಿನ ತುಂಡನ್ನು ಮುಚ್ಚಳ ತೆಗೆದು ತಲೆಕೆಳಗು ಮಾಡಿ ಒಳಗೆ ಕೂರಿಸಿ. ನಡುವೆ ಸೊಂಟದ ಹಾಗೆ ಒಳಗೆ ಹೋದ ಬಾಟಲಿ ಬೇಡ. ತಳ ಉಬ್ಬುತಗ್ಗಾಗಿರುತ್ತದೆ, ಅದಕ್ಕೆ ಸಣ್ಣ ಕಲ್ಲು ಹಾಕಿ, ಮೈ ನೆಟ್ಟಗಾಗುವ ತನಕ ನೀರು ತುಂಬಿ, ಆ ಗೆರೆಯನ್ನು ಸೊನ್ನೆ ಅಂತ ಗುರುತು ಮಾಡಿ. ಪ್ರತಿದಿನ ಓದಿದ ಮೇಲೆ ನೀರು ಮತ್ತೆ ಅದೇ ಗೆರೆಯಲ್ಲಿ ಇರಬೇಕು. ಇದನ್ನು ಮಕ್ಕಳು ಮರೆತರೆ ನಿನ್ನೆಯ ಮಳೆ ಇವತ್ತಿಗೂ ಸೇರುತ್ತದೆ, ಪುಸ್ತಕದಲ್ಲಿ ಅಂಕಿ ದಿನಾ ಏರುತ್ತಲೇ ಹೋಗುವುದರಿಂದ ಗೊತ್ತಾಗುತ್ತದೆ.

ಎರಡನೆಯ ದಾರಿ ನನಗೆ ಹೆಚ್ಚು ಇಷ್ಟ. ಬಾಯಿ 11.3 ಸೆಂ.ಮೀ. ಅಡ್ಡಗಲ ಇರುವ ಪ್ಲಾಸ್ಟಿಕ್ ಆಲಿಕೆ ಹುಡುಕಿ. ಅದರ ಬಾಯಿಯ ವಿಸ್ತೀರ್ಣ 100 ಚದರ ಸೆಂ.ಮೀ. ಆಗುತ್ತದೆ, ಹಾಗಾಗಿ ಪ್ರತಿ 10 ಮಿ.ಲೀ. ನೀರಿಗೆ ಸರಿಯಾಗಿ 1 ಮಿ.ಮೀ. ಮಳೆ. ಕೆಳಗೆ ಯಾವ ಬಾಟಲಿ ಇದ್ದರೂ ನಡೆಯುತ್ತದೆ, ಯಾಕೆಂದರೆ ಓದುವುದು ಎತ್ತರವನ್ನಲ್ಲ, ನೀರನ್ನು. ಮೆಡಿಕಲ್ ಶಾಪಿನಲ್ಲಿ ಸೂಜಿ ಇಲ್ಲದ 10 ಮಿ.ಲೀ. ಸಿರಿಂಜ್ ಸಿಗುತ್ತದೆ. 254 ಮಿ.ಲೀ. ಬಂದರೆ ಒಂದು ಇಂಚು. ನಮ್ಮ ಕಡೆ ಇಂಚನ್ನು 100 ಸೆಂಟ್ ಅಂತ ಲೆಕ್ಕ ಹಾಕುತ್ತೇವಲ್ಲ, ಆ ಒಂದು ಸೆಂಟಿಗೆ ಎರಡೂವರೆ ಮಿ.ಲೀ. ಬಂತು. ಉದಾಹರಣೆಗೆ ಬೆಳಿಗ್ಗೆ ಬಾಟಲಿಯಲ್ಲಿ 94 ಮಿ.ಲೀ. ಇದ್ದರೆ 9.4 ಮಿ.ಮೀ., ಅಂದರೆ 37 ಸೆಂಟ್. ಬಾಟಲಿಗೆ ಅಂಟಿಸಿದ ಸ್ಕೇಲಿನಲ್ಲಿ ಒಂದು ಗೀಟೇ ಸುಮಾರು 4 ಸೆಂಟ್, ಅಲ್ಲಿ 37 ಅಂತ ಓದಲು ಬರುವುದಿಲ್ಲ. ಬಾಟಲಿಯಿಂದ ಓದಿದ ಮಗು 37 ಅಂತ ಬರೆದಿದ್ದರೆ ಅದು ಅಂದಾಜು ಅಂತಲೇ ತಿಳಿಯಿರಿ.

ಮನೆಯಲ್ಲಿ ಮಳೆಮಾಪಕ ಇರುವ ತೋಟದವರಿಗೂ ಒಂದು ಮಾತು ಬರೆಯಿರಿ. ಅಳತೆಯ ಗಾಜು ಒಡೆದಾಗ ಸಿಕ್ಕಿದ ಗಾಜನ್ನು ತಂದು ಇಡುತ್ತಾರೆ. 5 ಇಂಚು ಬಾಯಿಯ ಮಾಪಕದ ಗಾಜನ್ನು 8 ಇಂಚು ಬಾಯಿಯದಕ್ಕೆ ಬಳಸಿದರೆ ಒಂದು ಇಂಚು ಮಳೆ ಎರಡೂವರೆ ಇಂಚು ಅಂತ ಓದಿಸುತ್ತದೆ. ಪರೀಕ್ಷೆ ಸುಲಭ: 5 ಇಂಚಿನ ಗಾಜಿಗೆ 161 ಮಿ.ಲೀ. ನೀರು ಹಾಕಿದರೆ ಅರ್ಧ ಇಂಚಿನ ಗೆರೆಗೆ ಬರಬೇಕು.

ಬೆಳೆಗಾರರು, ನಾಪೋಕ್ಲು

ಎಲ್ಲಿ ಇಡಬೇಕು ಅಂತ ಯಾರೂ ಹೇಳಲಿಲ್ಲ. ಸಿಲ್ವರ್ ಓಕಿನ ಕೆಳಗೆ, ಮಾಡಿನ ಅಂಚಿನಲ್ಲಿ ಬೇಡವೇ ಬೇಡ. ಮರ ಮೊದಲು ಮಳೆಯನ್ನು ತಡೆಯುತ್ತದೆ, ಮಳೆ ನಿಂತ ಮೇಲೆ ತೊಟ್ಟಿಕ್ಕುತ್ತದೆ. ಸಣ್ಣ ಮಳೆಯಲ್ಲಿ ಕಡಿಮೆ, ಗಾಳಿ ಬಂದಾಗ ಇದ್ದಕ್ಕಿದ್ದಂತೆ ಜಾಸ್ತಿ ತೋರಿಸುತ್ತದೆ. ಮರ ಅಥವಾ ಮನೆ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರ ಇರಬೇಕು. ತೋಟದೊಳಗೆ ಅಂಥ ಜಾಗ ಸಿಗುವುದಿಲ್ಲ, ಕಣದ ನಡುವೆಯೋ ಗದ್ದೆ ಬದುವಿನಲ್ಲೋ ಸಿಗುತ್ತದೆ. ಬಾಯಿ ನೆಲದಿಂದ ಒಂದು ಅಡಿ ಮೇಲಿರಲಿ. ಕೆಳಗಿಟ್ಟರೆ ಸಿಮೆಂಟಿಗೆ ಬಡಿದ ಹನಿ ಒಳಗೆ ಸಿಡಿಯುತ್ತದೆ. ತಾರಸಿ ಮೇಲೆ ಇಟ್ಟರೆ ಗಾಳಿ ಹನಿಯನ್ನು ಬಾಯಿಯ ಮೇಲಿಂದ ಹಾರಿಸಿಕೊಂಡು ಹೋಗುತ್ತದೆ, ಅಳತೆ ಕಡಿಮೆ ಬರುತ್ತದೆ. ಬಾಟಲಿಯನ್ನು ಮರಳು ತುಂಬಿದ ಡಬ್ಬದಲ್ಲಿ ಹೂತಿಡಿ, ಇಲ್ಲದಿದ್ದರೆ ಜುಲೈ ಗಾಳಿಗೆ ಉರುಳುತ್ತದೆ.

ಭಾಗಮಂಡಲ ಕಡೆಯ ಮಕ್ಕಳಿದ್ದರೆ ದಿನಕ್ಕೆ ಎರಡು ಸಲ ಓದಿ ಕೂಡಿಸಲಿ. ಬಾಟಲಿ ಹಿಡಿಯುವುದು ಹೆಚ್ಚೆಂದರೆ 7-8 ಇಂಚು. ಅಲ್ಲಿ ಜೋರು ಮಳೆಯ ದಿನ ಅದೂ ತುಂಬಿ ಚೆಲ್ಲುತ್ತದೆ. ತುಂಬಿದ ಬಾಟಲಿ ಕಂಡರೆ ಅಂಕಿಯ ಪಕ್ಕ "ಇದಕ್ಕಿಂತ ಹೆಚ್ಚು" ಅಂತ ಬರೆಯಬೇಕು.

ಪೋಷಕರು, ಕುಶಾಲನಗರ

ನಮ್ಮ ಕಡೆ ಅಷ್ಟು ಮಳೆಯೇ ಇಲ್ಲ. ನನ್ನ ಪ್ರಶ್ನೆ ಬೇರೆ, ಮಳೆನೀರು ಕೊಯ್ಲಿಗೆ ಎಷ್ಟು ಲೀಟರಿನ ಟ್ಯಾಂಕ್ ಹಾಕಿಸಬೇಕು? ಹೆಂಚಿನ ಮಾಡು, ಮನೆ 1000 ಚದರ ಅಡಿ. ಮಾಡು ಇಳಿಜಾರು, ಹೆಂಚಿನ ಲೆಕ್ಕದಲ್ಲಿ 1200 ಚದರ ಅಡಿ ಆಗುತ್ತದೆ, ಅಷ್ಟೂ ಹಿಡಿಯಬಹುದಲ್ಲ?

ವಿಜ್ಞಾನ ಶಿಕ್ಷಕ, ಸೋಮವಾರಪೇಟೆ

ಮೇಡಂ ಕೇಳಿದ್ದು ಇದಲ್ಲ, ಆದರೂ ಇದು ಅವರ ಪುಟಕ್ಕೆ ಒಳ್ಳೆಯ ಉದಾಹರಣೆ. ಹೆಂಚನ್ನು ಎಣಿಸಬೇಡಿ. ಮಾಡು ಮುಚ್ಚಿರುವ ನೆಲವನ್ನು, ಸೂರಿನ ಚಾಚನ್ನೂ ಸೇರಿಸಿ, ಅಳೆಯಿರಿ. ನೆಟ್ಟಗೆ ಬೀಳುವ ಮಳೆಗೆ ಇಳಿಜಾರು ಮಾಡು ಅಡ್ಡ ಹಿಡಿಯುವುದು ಅಷ್ಟೇ ಜಾಗವನ್ನು. 1000 ಚದರ ಅಡಿಗೆ ಒಂದು ಇಂಚು ಮಳೆ ಅಂದರೆ ಸುಮಾರು 2,360 ಲೀಟರ್. ಹೆಂಚು ನೆನೆಯಲು, ದೋಣಿಯಿಂದ ಚೆಲ್ಲಲು ಸ್ವಲ್ಪ ಹೋಗುತ್ತದೆ. ಉಳಿದದ್ದೂ 1 ಸಾವಿರ ಲೀಟರಿನ ಟ್ಯಾಂಕನ್ನು ಎರಡು ಸಲ ತುಂಬಿಸುವಷ್ಟಿದೆ. ಎಷ್ಟು ದೊಡ್ಡ ಟ್ಯಾಂಕ್ ಅನ್ನುವುದು ಮಳೆ ಇಲ್ಲದ ಎಷ್ಟು ದಿನ ನೀವು ಆ ನೀರಿನಲ್ಲಿ ನಡೆಸಬೇಕು ಅನ್ನುವುದರ ಮೇಲೆ ಹೋಗುತ್ತದೆ.

ಬೆಳೆಗಾರರು, ನಾಪೋಕ್ಲು

ನೆಟ್ಟಗೆ ಬಿದ್ದರೆ ಸರಿ. ನಮ್ಮ ಆಷಾಢದ ಮಳೆ ಓರೆಯಾಗಿ ಹೊಡೆಯುತ್ತದೆ. ಪಡುವಣ ಮುಖದ ಮಾಡಿಗೆ ಜಾಸ್ತಿ ಬೀಳುವುದು ದೋಣಿ ನೋಡಿದರೇ ಗೊತ್ತು.

ವಿಜ್ಞಾನ ಶಿಕ್ಷಕ, ಸೋಮವಾರಪೇಟೆ

ಒಪ್ಪುತ್ತೇನೆ. ಒಂದು ಮುಖಕ್ಕೆ ಹೆಚ್ಚಾದಾಗ ಇನ್ನೊಂದಕ್ಕೆ ಕಡಿಮೆಯಾಗುತ್ತದೆ. ಎರಡೂ ಕೂಡಿ ಸರಿಹೋಗುತ್ತದೆಯೇ ಅನ್ನುವುದು ಗಾಳಿ, ಮನೆಯ ಎತ್ತರ ನೋಡಿ ಹೇಳಬೇಕು. ಟ್ಯಾಂಕಿನ ಲೆಕ್ಕಕ್ಕೆ ನೆಲದ ಅಳತೆಯೇ ಇರಲಿ.

ಪ್ರಾಥಮಿಕ ಶಾಲೆ ಶಿಕ್ಷಕಿ, ವಿರಾಜಪೇಟೆ ತಾಲ್ಲೂಕು

ಎಲ್ಲರಿಗೂ ಧನ್ಯವಾದ. ಪುಟದ ಮೊದಲ ಸಾಲುಗಳು ಹೀಗೆ ಇರಬಹುದಾ ನೋಡಿ: "ಇವತ್ತು ಒಂದು ಇಂಚು ಮಳೆ ಅಂದರೆ, ನೀರು ಇಂಗದೆ ಹರಿಯದೆ ಇದ್ದಿದ್ದರೆ ನಿಮ್ಮ ಅಂಗಳದಲ್ಲಿ ಒಂದು ಇಂಚು ಎತ್ತರ ನಿಲ್ಲುತ್ತಿತ್ತು ಎಂದರ್ಥ. ಅಂಗಳ ಎಷ್ಟೇ ದೊಡ್ಡದಿರಲಿ ಆ ಎತ್ತರ ಬದಲಾಗದು. ಅಳೆಯುವ ಪಾತ್ರೆಯ ಬಾಯಿ ಮತ್ತು ತಳ ಒಂದೇ ಅಗಲ ಇರಬೇಕು." ಇನ್ನೊಂದು, ಬೆಳಿಗ್ಗೆ ಓದಿದ್ದನ್ನು ಯಾವ ತಾರೀಕಿಗೆ ಬರೆಯಬೇಕು?

ತೋಟದ ರೈಟರ್, ಸಿದ್ದಾಪುರ

ಸಾಲುಗಳು ಚೆನ್ನಾಗಿವೆ ಟೀಚರ್. ತಾರೀಕಿಗೆ ಬಂದರೆ, ತೋಟದ ಪುಸ್ತಕದಲ್ಲಿ ನಾವು ಹಿಂದಿನ ದಿನಕ್ಕೆ ಬರೆಯುತ್ತೇವೆ, ಮಳೆ ಬಿದ್ದದ್ದು ಹೆಚ್ಚಾಗಿ ಆ ದಿನವೇ.

ವಿಜ್ಞಾನ ಶಿಕ್ಷಕ, ಸೋಮವಾರಪೇಟೆ

ಹವಾಮಾನ ಇಲಾಖೆಯ ಪದ್ಧತಿಯಲ್ಲಿ ಬೆಳಿಗ್ಗೆ 8.30ಕ್ಕೆ ಓದಿದ್ದು ಓದಿದ ದಿನದ ತಾರೀಕಿಗೇ ಸೇರುತ್ತದೆ. ಪತ್ರಿಕೆಯಲ್ಲಿ "ಬೆಳಿಗ್ಗೆ 8.30ಕ್ಕೆ ಅಂತ್ಯಗೊಂಡಂತೆ ಕಳೆದ 24 ಗಂಟೆಗಳಲ್ಲಿ" ಅಂತ ಬರುವುದು ಅದಕ್ಕೇ. ಮಕ್ಕಳ ಅಂಕಿಯನ್ನು ಪತ್ರಿಕೆಯ ಅಂಕಿಯ ಜೊತೆ ಹೋಲಿಸುವುದಾದರೆ ಹಾಗೇ ಬರೆಸಿ. ತೋಟದ ಪುಸ್ತಕದ ಜೊತೆ ಹೋಲಿಸುವುದಾದರೆ ರೈಟರ್ ಹೇಳಿದ ಹಾಗೆ.

ತೋಟದ ರೈಟರ್, ಸಿದ್ದಾಪುರ

ಯಾವುದಾದರೂ ಒಂದು ಇರಲಿ, ಆದರೆ ತರಗತಿಯಲ್ಲಿ ಎಲ್ಲರೂ ಒಂದೇ ರೀತಿ ಬರೆಯಲಿ. ಪುಟದ ತಲೆಯಲ್ಲಿ "8.30ಕ್ಕೆ ಓದಿದ್ದು, ಓದಿದ ದಿನಕ್ಕೆ ಬರೆದದ್ದು" ಅಂತ ಮೊದಲೇ ಅಚ್ಚು ಹಾಕಿಸಿಬಿಡಿ.